ಆರು ಸ್ವಿಚ್ಚು, ಮೂರು ಅಲೆ

ಆಸಿಲೋಸ್ಕೋಪಿನ ಪರದೆಯ ಮೇಲೆ ಎರಡು ಗೆರೆಗಳು ಓಡುತ್ತಿದ್ದವು. ಹಳದಿ ಗೆರೆ ಇನ್ವರ್ಟರಿನಿಂದ ಮೋಟಾರಿಗೆ ಹೋಗುವ ಎರಡು ತಂತಿಗಳ ನಡುವಿನ ವೋಲ್ಟೇಜು. ನೀಲಿ ಗೆರೆ ಅವುಗಳಲ್ಲೊಂದು ತಂತಿಯಲ್ಲಿ ಹರಿಯುತ್ತಿದ್ದ ಕರೆಂಟು. ಮೇಜಿನ ಮೇಲೆ ಎಲೆಕ್ಟ್ರಿಕ್ ಕಾರಿನಿಂದ ಬಿಚ್ಚಿ ತಂದ ಇನ್ವರ್ಟರ್ ಇತ್ತು. ಊಟದ ಡಬ್ಬಿಗಿಂತ ತುಸು ದೊಡ್ಡದಾದ ಅಲ್ಯೂಮಿನಿಯಂ ಪೆಟ್ಟಿಗೆ. ಅಂತಿಮ ವರ್ಷದ ವಿದ್ಯಾರ್ಥಿನಿಯೊಬ್ಬಳು ಹಳದಿ ಗೆರೆಯನ್ನೇ ದಿಟ್ಟಿಸುತ್ತ ನಿಂತಳು. ಪುಸ್ತಕದಲ್ಲಿ ಕಂಡಿದ್ದ ನುಣುಪಾದ ಅಲೆ ಅಲ್ಲಿರಲಿಲ್ಲ. ಬೇಲಿಯ ಗೂಟಗಳ ಹಾಗೆ ಸಾಲು ಸಾಲು ಕಂಬಗಳು. ಕೆಲವು ದಪ್ಪ, ಕೆಲವು ಸಣಕಲು. ಎಲ್ಲದರ ಎತ್ತರವೂ ಒಂದೇ.

"ಸರ್, ಇದು ಎಸಿ ಹೇಗಾಗುತ್ತೆ? ಅಲೆನೇ ಇಲ್ವಲ್ಲ."

"ನೀಲಿ ಗೆರೆ ನೋಡಮ್ಮ," ಅಂದೆ.

ನೀಲಿ ಗೆರೆ ಕೆರೆಯ ನೀರಿನಂತೆ ಮೆಲ್ಲಗೆ ಏರಿ, ಮೆಲ್ಲಗೆ ಇಳಿಯುತ್ತಿತ್ತು. ಕಣ್ಣು ಹತ್ತಿರ ಒಯ್ದು ನೋಡಿದರೆ ಮಾತ್ರ ಅದರ ಮೈಮೇಲೆ ಗರಗಸದ ಹಲ್ಲಿನಂಥ ಸಣ್ಣ ಮುಳ್ಳುಗಳು ಕಾಣುತ್ತಿದ್ದವು.

ಎಲೆಕ್ಟ್ರಿಕ್ ಕಾರಿನ ಇನ್ವರ್ಟರ್ ಬಗ್ಗೆ ತಿಳಿಯಬೇಕಾದ ಮೊದಲ ಸಂಗತಿ ಆ ಎರಡು ಗೆರೆಗಳ ನಡುವೆಯೇ ಇದೆ. "ಡಿಸಿಯನ್ನು ಎಸಿ ಮಾಡುವ ಯಂತ್ರ" ಎಂದು ನಾವು ಹೇಳುತ್ತೇವೆ. ಆದರೆ ಆ ಪೆಟ್ಟಿಗೆಯೊಳಗೆ ಅಲೆ ಎಂಬುದೇ ಇಲ್ಲ. ಅದಕ್ಕೆ ಗೊತ್ತಿರುವುದು ಹಾಕುವುದು ಮತ್ತು ಆರಿಸುವುದು, ಎರಡೇ. ಅಲೆ ಹುಟ್ಟುವುದು ಪೆಟ್ಟಿಗೆಯ ಹೊರಗೆ, ಮೋಟಾರಿನ ತಾಮ್ರದ ಸುರುಳಿಯಲ್ಲಿ.

ಮನೆಯ ಇನ್ವರ್ಟರ್ ನಮಗೆಲ್ಲ ಗೊತ್ತು. ಕರೆಂಟು ಹೋದಾಗ 12 ವೋಲ್ಟಿನ ಬ್ಯಾಟರಿಯಿಂದ 230 ವೋಲ್ಟಿನ, ಸೆಕೆಂಡಿಗೆ 50 ಸಲ ತೂಗುವ ಒಂದು ಫೇಸ್ ಕರೆಂಟು ಕೊಡುತ್ತದೆ. 230 ಮತ್ತು 50, ಇವೆರಡೂ ಅಲ್ಲಿ ಬದಲಾಗುವಂತಿಲ್ಲ. ಕಾರಿನ ಇನ್ವರ್ಟರಿನಲ್ಲಿ ಎರಡೂ ಕ್ಷಣಕ್ಷಣಕ್ಕೂ ಬದಲಾಗಬೇಕು. ಕಾರು ನಿಂತಾಗ ಸೊನ್ನೆ, ತೆವಳುವಾಗ ಸೆಕೆಂಡಿಗೆ ಹತ್ತಿಪ್ಪತ್ತು ಅಲೆ, ಹೆದ್ದಾರಿಯಲ್ಲಿ ಐನೂರು ದಾಟಬಹುದು. ಅದೂ ಮೂರು ಫೇಸಿನಲ್ಲಿ.

ಮೂರು ಫೇಸ್ ಯಾಕೆ ಬೇಕು ಎಂಬುದನ್ನು ಪಂಪ್‌ಸೆಟ್ ಇಟ್ಟುಕೊಂಡ ರೈತರಿಗೆ ಹೇಳಿಕೊಡಬೇಕಾಗಿಲ್ಲ. ಮೋಟಾರಿನೊಳಗೆ ಮೂರು ಸುರುಳಿಗಳನ್ನು ವೃತ್ತದಲ್ಲಿ ಸಮ ಅಂತರಕ್ಕೆ ಕೂರಿಸಿರುತ್ತಾರೆ. ಮೂರಕ್ಕೂ ಕರೆಂಟು ಒಂದರ ಹಿಂದೊಂದು ಸರದಿಯಂತೆ ಏರಿಳಿದರೆ, ಅವುಗಳ ಕಾಂತಬಲ ಒಟ್ಟುಗೂಡಿ ವೃತ್ತದ ಸುತ್ತ ಒಂದೇ ಸಮನೆ ತಿರುಗುತ್ತದೆ. ನಡುವಿನ ರೋಟರ್ ಅದರ ಬೆನ್ನು ಹತ್ತುತ್ತದೆ. ಬೋರ್‌ವೆಲ್ ಮೋಟಾರು ಉಲ್ಟಾ ತಿರುಗಿ ನೀರು ಸರಿಯಾಗಿ ಬರದಿದ್ದರೆ ಸ್ಟಾರ್ಟರಿನ ಮುಂದೆ ಕುಳಿತು ಯಾವುದಾದರೂ ಎರಡು ಫೇಸ್ ತಂತಿ ಅದಲುಬದಲು ಮಾಡುತ್ತಾರಲ್ಲ, ಎಲೆಕ್ಟ್ರಿಕ್ ಕಾರಿನ ರಿವರ್ಸ್ ಗೇರ್ ಎಂದರೆ ಅಷ್ಟೇ. ತಂತಿ ಬಿಚ್ಚುವ ಬದಲು ಸರದಿಯನ್ನು ತಂತ್ರಾಂಶ ತಿರುಗಿಸುತ್ತದೆ. ಬೇರೆ ಹಲ್ಲುಚಕ್ರವೇನೂ ಇಲ್ಲ.

ಈಗ ಪೆಟ್ಟಿಗೆಯ ಮುಚ್ಚಳ ತೆಗೆಯೋಣ. ಬ್ಯಾಟರಿಯಿಂದ ಎರಡು ದಪ್ಪ ತಾಮ್ರದ ಪಟ್ಟಿಗಳು ಒಳಗೆ ಬರುತ್ತವೆ, ಒಂದು ಪ್ಲಸ್, ಒಂದು ಮೈನಸ್. ಅವುಗಳ ನಡುವೆ ಏಣಿಯ ಮೂರು ಮೆಟ್ಟಿಲಿನಂತೆ ಮೂರು ಕಾಲುಗಳು. ಒಂದೊಂದು ಕಾಲಿನಲ್ಲೂ ಮೇಲೊಂದು, ಕೆಳಗೊಂದು ಸ್ವಿಚ್. ಮೇಲಿನದು ಹಾಕಿದರೆ ಆ ಫೇಸಿನ ತಂತಿ ಪ್ಲಸ್‌ಗೆ ಅಂಟುತ್ತದೆ, ಕೆಳಗಿನದು ಹಾಕಿದರೆ ಮೈನಸ್‌ಗೆ. ಎರಡು ಸ್ವಿಚ್ಚಿನ ನಡುವಿನಿಂದ ಮೋಟಾರಿಗೆ ತಂತಿ ಹೊರಡುತ್ತದೆ. ಒಟ್ಟು ಆರು ಸ್ವಿಚ್, ಮೂರು ತಂತಿ. ಕರೆಂಟನ್ನು ನಿಭಾಯಿಸುವ ಭಾಗ ಇಷ್ಟೇ.

ಲೆಕ್ಕಕ್ಕೆ ಒಂದು ಕಾರು ಹಿಡಿದುಕೊಳ್ಳೋಣ. ಬ್ಯಾಟರಿ 320 ವೋಲ್ಟ್. ಮೋಟಾರಿನಲ್ಲಿ ನಾಲ್ಕು ಜೊತೆ ಧ್ರುವಗಳು. ಮೋಟಾರು ಹತ್ತು ಸುತ್ತು ತಿರುಗಿದರೆ ಚಕ್ರ ಒಂದು ಸುತ್ತು. ಕಾರು ಊರೊಳಗೆ 36 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿದೆ ಎಂದರೆ ಮೋಟಾರು ನಿಮಿಷಕ್ಕೆ ಸುಮಾರು 3000 ಸುತ್ತು, ಅಂದರೆ ಸೆಕೆಂಡಿಗೆ 50 ಸುತ್ತು ಹಾಕುತ್ತಿರುತ್ತದೆ. ನಾಲ್ಕು ಜೊತೆ ಧ್ರುವ ಇರುವುದರಿಂದ ಸುರುಳಿಗೆ ಸೆಕೆಂಡಿಗೆ 200 ಅಲೆ ಬೇಕು. ಒಂದು ಅಲೆಗೆ 5 ಮಿಲಿಸೆಕೆಂಡ್ ಕಾಲಾವಕಾಶ.

ಇನ್ವರ್ಟರಿನ ಗಡಿಯಾರ ಇದಕ್ಕಿಂತ ಬಹಳ ಚುರುಕು. ಅದು ಸೆಕೆಂಡಿಗೆ 10,000 ಸಲ ಬಡಿಯುತ್ತದೆ ಎಂದುಕೊಳ್ಳಿ. ಒಂದು ಬಡಿತಕ್ಕೆ 100 ಮೈಕ್ರೋಸೆಕೆಂಡ್. ಒಂದು ಅಲೆಯನ್ನು ಕಟ್ಟಲು ಅದಕ್ಕೆ 50 ಬಡಿತಗಳು ಸಿಗುತ್ತವೆ. ಪ್ರತಿ ಬಡಿತದಲ್ಲೂ ಅದು ಕೇಳಿಕೊಳ್ಳುವ ಪ್ರಶ್ನೆ ಒಂದೇ: ಈ ನೂರು ಮೈಕ್ರೋಸೆಕೆಂಡಿನಲ್ಲಿ ಯಾವ ಫೇಸನ್ನು ಎಷ್ಟು ಹೊತ್ತು ಪ್ಲಸ್‌ಗೆ ಅಂಟಿಸಿಡಲಿ?

ಮೊದಲ ಫೇಸಿನ ಅಲೆ ನೆತ್ತಿಯಲ್ಲಿರುವ ಗಳಿಗೆಯನ್ನು ನೋಡೋಣ. ಅಲ್ಲಿ ಅದಕ್ಕೆ 120 ವೋಲ್ಟ್ ಬೇಕು. ಉಳಿದೆರಡಕ್ಕೆ ಅದೇ ಹೊತ್ತಿಗೆ ಮೈನಸ್ 60, ಮೈನಸ್ 60. ಬ್ಯಾಟರಿಯ ನಟ್ಟನಡುವನ್ನು ಸೊನ್ನೆ ಎಂದು ಹಿಡಿದರೆ ಲೆಕ್ಕ ಸುಲಭ. ಅರ್ಧ ಹೊತ್ತು ಮೇಲೆ, ಅರ್ಧ ಹೊತ್ತು ಕೆಳಗೆ ಇದ್ದರೆ ಸರಾಸರಿ ಸೊನ್ನೆ. 120 ಬೇಕಾದರೆ ಮೇಲಿನ ಸ್ವಿಚ್ಚನ್ನು 87.5 ಮೈಕ್ರೋಸೆಕೆಂಡ್ ಹಾಕಿಡಬೇಕು. ಮೈನಸ್ 60 ಬೇಕಾದ ಎರಡಕ್ಕೆ 31.25 ಮೈಕ್ರೋಸೆಕೆಂಡ್ ಸಾಕು.

ಆ ನೂರು ಮೈಕ್ರೋಸೆಕೆಂಡನ್ನು ಬಿಡಿಸಿ ನೋಡಿ. 31.25ರಷ್ಟು ಹೊತ್ತು ಮೂರೂ ತಂತಿಗಳು ಪ್ಲಸ್‌ಗೇ ಅಂಟಿರುತ್ತವೆ. ಮೂರೂ ಒಂದೇ ಎತ್ತರದಲ್ಲಿದ್ದರೆ ಅವುಗಳ ನಡುವೆ ವೋಲ್ಟೇಜಿಲ್ಲ, ಮೋಟಾರಿಗೆ ಬ್ಯಾಟರಿಯ ತಳ್ಳುವಿಕೆಯೂ ಇಲ್ಲ. 12.5ರಷ್ಟು ಹೊತ್ತು ಮೂರೂ ಮೈನಸ್‌ಗೆ ಅಂಟಿರುತ್ತವೆ, ಆಗಲೂ ಅಷ್ಟೇ. ಉಳಿದ 56.25 ಮೈಕ್ರೋಸೆಕೆಂಡ್ ಮಾತ್ರ ಮೊದಲ ಫೇಸ್ ಮೇಲೆ, ಉಳಿದೆರಡು ಕೆಳಗೆ. ಆಗ ಬ್ಯಾಟರಿಯ 320 ವೋಲ್ಟೂ ಮೋಟಾರಿನ ಮೇಲೆ ಬೀಳುತ್ತದೆ. ನೂರರಲ್ಲಿ 56.25 ಭಾಗ 320 ವೋಲ್ಟ್, ಉಳಿದ ಭಾಗ ಸೊನ್ನೆ. ಸರಾಸರಿ ತೆಗೆದರೆ 180. ನಮಗೆ ಬೇಕಾಗಿದ್ದುದೂ ಪ್ಲಸ್ 120 ಮತ್ತು ಮೈನಸ್ 60ರ ನಡುವಿನ ಆ 180 ವೋಲ್ಟೇ.

ನಾಲ್ಕು ಬಡಿತ ಕಳೆಯುವ ಹೊತ್ತಿಗೆ ಅಲೆ 30 ಡಿಗ್ರಿಯಷ್ಟು ಮುಂದೆ ಸರಿದಿರುತ್ತದೆ. ಆಗ ಮೊದಲ ಫೇಸಿನ ಮೇಲಿನ ಸ್ವಿಚ್ಚಿಗೆ 82.5, ಎರಡನೆಯದಕ್ಕೆ 50, ಮೂರನೆಯದಕ್ಕೆ 17.5 ಮೈಕ್ರೋಸೆಕೆಂಡ್. ಹಳದಿ ಗೆರೆಯಲ್ಲಿ ಕೆಲವು ಕಂಬ ದಪ್ಪ, ಕೆಲವು ಸಣಕಲಾಗಿ ಕಂಡದ್ದು ಇದೇ ಕಾರಣಕ್ಕೆ. ಎತ್ತರ ಬ್ಯಾಟರಿಯದು, ಅದನ್ನು ಬದಲಿಸಲು ಬರುವುದಿಲ್ಲ. ಬದಲಿಸಲು ಬರುವುದು ಅಗಲವನ್ನು ಮಾತ್ರ.

ಹಾಗಾದರೆ ಕಂಬಗಳಿಂದ ನುಣುಪು ಅಲೆ ಹೇಗೆ ಬಂತು? ಜಾತ್ರೆಯ ತೇರನ್ನು ನೆನೆಸಿಕೊಳ್ಳಿ. ಹಗ್ಗ ಹಿಡಿದ ಜನ ಒಂದೇ ಸಮ ಎಳೆಯುವುದಿಲ್ಲ. ಕೂಗು ಹಾಕಿ ಎಳೆಯುತ್ತಾರೆ, ಉಸಿರು ಬಿಡುತ್ತಾರೆ, ಮತ್ತೆ ಎಳೆಯುತ್ತಾರೆ. ತೇರಿನ ಭಾರ ದೊಡ್ಡದು. ಒಮ್ಮೆ ಉರುಳತೊಡಗಿದರೆ ಆ ಎಳೆತ ಬಿಡುವುಗಳ ನಡುವೆಯೂ ಅದು ತನ್ನ ಪಾಡಿಗೆ ಸಾಗುತ್ತದೆ. ಕಬ್ಬಿಣಕ್ಕೆ ಸುತ್ತಿದ ತಾಮ್ರದ ಸುರುಳಿಗೂ ಕರೆಂಟಿನ ವಿಷಯದಲ್ಲಿ ಇಂಥದೇ ಭಾರವಿದೆ. ಅದಕ್ಕೆ ಇಂಡಕ್ಟನ್ಸ್ ಎನ್ನುತ್ತೇವೆ. ವೋಲ್ಟೇಜು ಥಟ್ಟನೆ ಬಂದರೆ ಕರೆಂಟು ಥಟ್ಟನೆ ಏರುವುದಿಲ್ಲ, ಥಟ್ಟನೆ ಹೋದರೆ ಥಟ್ಟನೆ ಬೀಳುವುದಿಲ್ಲ. ಹಾಕಿದ 56 ಮೈಕ್ರೋಸೆಕೆಂಡಿನಲ್ಲಿ ಕರೆಂಟು ಕೂದಲೆಳೆಯಷ್ಟು ಏರುತ್ತದೆ, ಬಿಡುವಿನಲ್ಲಿ ಕೂದಲೆಳೆಯಷ್ಟು ಇಳಿಯುತ್ತದೆ. ನೀಲಿ ಗೆರೆಯ ಮೈಮೇಲಿದ್ದ ಗರಗಸದ ಹಲ್ಲು ಅದೇ. ಮೋಟಾರನ್ನು ತೆಗೆದು ಆ ಜಾಗದಲ್ಲಿ ಬರೀ ಹೀಟರ್ ಕಡ್ಡಿಗಳನ್ನು ಜೋಡಿಸಿದರೆ ಕರೆಂಟೂ ಕಂಬಗಳಾಗಿಯೇ ಹರಿಯುತ್ತದೆ, ಅಲೆ ಕಾಣುವುದಿಲ್ಲ. ವಿದ್ಯಾರ್ಥಿಗಳಿಗೆ ನಾನು ಇದನ್ನು ಮಾಡಿಯೇ ತೋರಿಸುತ್ತೇನೆ. ಒಮ್ಮೆ ಕಣ್ಣಾರೆ ಕಂಡವರು ಮರೆಯುವುದಿಲ್ಲ.

ಯಾವ ಗಳಿಗೆಯಲ್ಲಿ ಎಷ್ಟು ಎಂದು ತೀರ್ಮಾನಿಸುವ ಪುಟ್ಟ ಕಂಪ್ಯೂಟರಿಗೆ ಎರಡು ಸುದ್ದಿ ಬೇಕು. ರೋಟರ್ ಈಗ ಯಾವ ಕೋನದಲ್ಲಿದೆ, ತಂತಿಗಳಲ್ಲಿ ಎಷ್ಟು ಕರೆಂಟು ಹರಿಯುತ್ತಿದೆ. ಮೋಟಾರಿನ ಶಾಫ್ಟಿನ ತುದಿಯಲ್ಲಿರುವ ರಿಸಾಲ್ವರ್ ಮೊದಲನೆಯದನ್ನು ಹೇಳುತ್ತದೆ, ಕರೆಂಟ್ ಸೆನ್ಸರುಗಳು ಎರಡನೆಯದನ್ನು. ಮೂರು ಫೇಸಿನ ಏರಿಳಿತವನ್ನು ಎರಡು ನೆಟ್ಟಗಿನ ಸಂಖ್ಯೆಗಳಾಗಿ ಇಳಿಸುವ ಗಣಿತಕ್ಕೆ ಅಮೆರಿಕದ ಈಡಿತ್ ಕ್ಲಾರ್ಕ್ ಮತ್ತು ರಾಬರ್ಟ್ ಪಾರ್ಕ್ ಎಂಬ ಎಂಜಿನಿಯರುಗಳ ಹೆಸರಿದೆ. ಆ ಎರಡರಲ್ಲಿ ಒಂದು ಸಂಖ್ಯೆ ರೋಟರಿನ ಅಯಸ್ಕಾಂತದ ದಿಕ್ಕಿನಲ್ಲೇ ಇರುವ ಕರೆಂಟು. ಇನ್ನೊಂದು ಅದಕ್ಕೆ ಅಡ್ಡಲಾಗಿರುವ ಕರೆಂಟು. ತಿರುಗಿಸುವ ಬಲ ಮುಖ್ಯವಾಗಿ ಬರುವುದು ಅಡ್ಡಲಾಗಿರುವುದರಿಂದ. ಆಕ್ಸಿಲರೇಟರ್ ಒತ್ತಿದಾಗ ಚಾಲಕ ನಿಜಕ್ಕೂ ಕೇಳುವುದು ಆ ಅಡ್ಡ ಕರೆಂಟನ್ನು. ಕಾಲು ತೆಗೆದಾಗ ಅದೇ ಸಂಖ್ಯೆ ಸೊನ್ನೆಯ ಕೆಳಗಿಳಿಯುತ್ತದೆ, ಮೋಟಾರು ಜನರೇಟರ್ ಆಗುತ್ತದೆ, ಅವೇ ಆರು ಸ್ವಿಚ್ಚುಗಳ ಮೂಲಕ ವಿದ್ಯುತ್ತು ಬ್ಯಾಟರಿಗೆ ಹಿಂದಿರುಗುತ್ತದೆ.

ಇಲ್ಲಿಯವರೆಗೆ ಹೇಳಿದ್ದು ಸ್ವಿಚ್ಚುಗಳು ಆದರ್ಶವಾಗಿದ್ದರೆ ನಡೆಯುವ ಕಥೆ. ನಿಜವಾದ ಸ್ವಿಚ್ಚಿಗೆ ಆರಲು ಹೊತ್ತು ಬೇಕು. ಒಂದೇ ಕಾಲಿನ ಮೇಲಿನ ಸ್ವಿಚ್ ಇನ್ನೂ ಪೂರ್ತಿ ಆರಿಲ್ಲ, ಅಷ್ಟರಲ್ಲೇ ಕೆಳಗಿನದು ಹೊತ್ತಿತು ಎಂದುಕೊಳ್ಳಿ. ಪ್ಲಸ್ಸಿಂದ ಮೈನಸ್ಸಿಗೆ ನೇರ ದಾರಿ ತೆರೆದಂತಾಯಿತು. ಸಾವಿರಾರು ಆಂಪಿಯರ್ ನುಗ್ಗುತ್ತದೆ. ಐಜಿಬಿಟಿ ಎಂಬ ಸಾಮಾನ್ಯ ಸ್ವಿಚ್ ಇಂಥ ಏಟನ್ನು ತಡೆದುಕೊಳ್ಳುವುದು ಸುಮಾರು ಹತ್ತು ಮೈಕ್ರೋಸೆಕೆಂಡ್ ಮಾತ್ರ. ಹಾಗಾಗಿ ಒಂದು ಆರಿದ ಮೇಲೆ ಇನ್ನೊಂದನ್ನು ಹಾಕುವ ಮುನ್ನ ಎರಡೂ ಆರಿರುವ ಒಂದು ಸಣ್ಣ ಬಿಡುವು ಇಡುತ್ತಾರೆ. ಡೆಡ್ ಟೈಮ್ ಎಂದು ಅದರ ಹೆಸರು. ಐಜಿಬಿಟಿಗೆ ಎರಡು ಮೈಕ್ರೋಸೆಕೆಂಡ್ ಎಂದಿಟ್ಟುಕೊಳ್ಳೋಣ.

ಎರಡು ಮೈಕ್ರೋಸೆಕೆಂಡ್ ಏನು ಮಹಾ ಅನ್ನಿಸಬಹುದು. ಲೆಕ್ಕ ಹಾಕಿ: ನೂರರಲ್ಲಿ ಎರಡು ಭಾಗ, 320 ವೋಲ್ಟಿನ ಮೇಲೆ 6.4 ವೋಲ್ಟ್. ಪ್ರತಿ ಬಡಿತದಲ್ಲೂ ಅಷ್ಟು ತಪ್ಪು. ಕರೆಂಟು ಹೊರಗೆ ಹರಿಯುವಾಗ ಅಷ್ಟು ಕಡಿಮೆ, ಒಳಗೆ ಹರಿಯುವಾಗ ಅಷ್ಟು ಹೆಚ್ಚು. ಕಾರು 36ರಲ್ಲಿ ಓಡುವಾಗ 120 ವೋಲ್ಟಿನ ಮುಂದೆ ಈ ತಪ್ಪು ಗಮನಕ್ಕೆ ಬರುವುದಿಲ್ಲ. ಆದರೆ ಸಿಗ್ನಲ್ಲಿನಲ್ಲಿ ಮೂರು ಕಿಲೋಮೀಟರ್ ವೇಗಕ್ಕೆ ತೆವಳುವಾಗ ಮೋಟಾರಿಗೆ ಬೇಕಾಗುವುದೇ ಹೆಚ್ಚುಕಡಿಮೆ ಹತ್ತು ವೋಲ್ಟ್. ಹತ್ತರಲ್ಲಿ ಆರು ತಪ್ಪಿದರೆ ಅಲೆಯ ಆಕಾರವೇ ಕೆಡುತ್ತದೆ. ಕರೆಂಟು ಸೊನ್ನೆಯನ್ನು ದಾಟುವಲ್ಲಿ ಚಪ್ಪಟೆಯಾಗುತ್ತದೆ, ಅಲೆಯೊಂದಕ್ಕೆ ಆರು ಸಲದಂತೆ ತಿರುಗುಬಲ ಅದುರುತ್ತದೆ. ಒಂದು ಹಳೆಯ ಇನ್ವರ್ಟರಿಗೆ ನಾವೇ ಬರೆದ ತಂತ್ರಾಂಶ ಹಾಕಿ ಮೊದಲ ಸಲ ಓಡಿಸಿದಾಗ ಹೀಗೇ ಆಯಿತು. ವೇಗದಲ್ಲಿ ಬೆಣ್ಣೆಯಂತೆ ತಿರುಗುತ್ತಿದ್ದ ಮೋಟಾರು ನಿಧಾನಗೊಳಿಸಿದೊಡನೆ ಮೇಜನ್ನೇ ನಡುಗಿಸಿತು. ಎರಡು ದಿನ ಬೇರಿಂಗನ್ನು ದೂಷಿಸಿದೆವು. ಕರೆಂಟಿನ ಗೆರೆಯಲ್ಲಿ ಸೊನ್ನೆಯ ಬಳಿಯ ಆ ಚಪ್ಪಟೆಗಳನ್ನು ಕಂಡ ಮೇಲೆ ಕಾರಣ ಗೊತ್ತಾಯಿತು. ಕರೆಂಟಿನ ದಿಕ್ಕು ನೋಡಿ ಎರಡು ಮೈಕ್ರೋಸೆಕೆಂಡನ್ನು ಕೂಡಿಸುವ ಅಥವಾ ಕಳೆಯುವ ಕೆಲವು ಸಾಲು ಬರೆದೆವು. ನಡುಕ ನಿಂತಿತು.

ಸ್ವಿಚ್ ಆರಲು ಹೊತ್ತು ತೆಗೆದುಕೊಳ್ಳುವುದರಿಂದ ಇನ್ನೂ ದೊಡ್ಡ ಕಷ್ಟವೊಂದಿದೆ. ಅದು ಶಾಖ. ಸ್ವಿಚ್ ಪೂರ್ತಿ ಹಾಕಿದ್ದಾಗ ಅದರ ಮೈಮೇಲೆ ವೋಲ್ಟೇಜು ಬಹಳ ಕಡಿಮೆ, ಪೂರ್ತಿ ಆರಿದ್ದಾಗ ಕರೆಂಟಿಲ್ಲ. ಎರಡರಲ್ಲೂ ನಷ್ಟ ಅಲ್ಪ. ನಡುವಿನ ಸಂಧಿಕಾಲದಲ್ಲಿ ಮಾತ್ರ ವೋಲ್ಟೇಜೂ ಇದೆ, ಕರೆಂಟೂ ಇದೆ. ಆ ಚೂರು ಹೊತ್ತು ಸೆಕೆಂಡಿಗೆ ಸಾವಿರಾರು ಸಲ ಬರುತ್ತದೆ. 60 ಕಿಲೋವಾಟ್ ದಾಟಿಸುವಾಗ ನೂರಕ್ಕೆ ಮೂರು ಪಾಲು ಶಾಖವಾದರೆ ಅದು 1.8 ಕಿಲೋವಾಟ್. ಎರಡು ಇಸ್ತ್ರಿಪೆಟ್ಟಿಗೆಗಳ ಬಿಸಿ ಬೆರಳುಗುರಿನಷ್ಟಗಲದ ಕೆಲವು ಚಿಪ್ಪುಗಳಲ್ಲಿ ಹುಟ್ಟುತ್ತದೆ. ಅದಕ್ಕೇ ಚಿಪ್ಪಿನ ಕೆಳಗೆ ಕೂಲಂಟ್ ಹರಿಯುವ ಕಾಲುವೆ.

ಈ ಸ್ವಿಚ್ಚಿನ ಕಥೆಯಲ್ಲಿ ನಮ್ಮೂರಿನವರೊಬ್ಬರಿದ್ದಾರೆ. ಬಿ. ಜಯಂತ್ ಬಾಳಿಗಾ ಬೆಳೆದದ್ದು ಬೆಂಗಳೂರಿನ ಜಾಲಹಳ್ಳಿಯಲ್ಲಿ. ಹೆಸರಿನ ಮೊದಲಕ್ಷರ ಬಂಟ್ವಾಳದ್ದು. ಮದ್ರಾಸ್ ಐಐಟಿಯಲ್ಲಿ ಓದಿ, ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಸಂಶೋಧನಾಲಯದಲ್ಲಿದ್ದಾಗ, 1980ರ ಆಸುಪಾಸಿನಲ್ಲಿ ಅವರು ಐಜಿಬಿಟಿಯನ್ನು ರೂಪಿಸಿದರು. ಆಗ ಇದ್ದದ್ದು ಎರಡು ಬಗೆ. ಬೈಪೋಲಾರ್ ಟ್ರಾನ್ಸಿಸ್ಟರ್ ದೊಡ್ಡ ಕರೆಂಟು ಹೊರುತ್ತಿತ್ತು, ಆದರೆ ಅದನ್ನು ಹಾಕಿಡಲೇ ಸಾಕಷ್ಟು ಕರೆಂಟು ತಿನ್ನುತ್ತಿತ್ತು. ಮಾಸ್‌ಫೆಟ್ ಬರೀ ವೋಲ್ಟೇಜು ತೋರಿಸಿದರೆ ಹೊತ್ತಿಕೊಳ್ಳುತ್ತಿತ್ತು, ಆದರೆ ನೂರಾರು ವೋಲ್ಟ್ ತಡೆಯುವಂತೆ ಮಾಡಿದರೆ ದೊಡ್ಡ ಕರೆಂಟಿಗೆ ತಡೆ ಒಡ್ಡುತ್ತಿತ್ತು. ಬಾಳಿಗಾ ಎರಡರ ಗುಣವನ್ನು ಒಂದೇ ಚಿಪ್ಪಿನಲ್ಲಿ ಕೂಡಿಸಿದರು. 2024ರಲ್ಲಿ ಫಿನ್ಲೆಂಡಿನ ಮಿಲೇನಿಯಂ ತಂತ್ರಜ್ಞಾನ ಪ್ರಶಸ್ತಿ ಅವರಿಗೆ ಬಂದದ್ದು ಇದಕ್ಕೇ.

ಐಜಿಬಿಟಿಗೂ ಒಂದು ದೋಷವಿದೆ. ಸಿನಿಮಾ ಮುಗಿದು ದೀಪ ಹಾಕಿದ ಮೇಲೂ ಥಿಯೇಟರ್ ಖಾಲಿಯಾಗಲು ಹೊತ್ತು ಬೇಕಲ್ಲ, ಹಾಗೆ ಆರಿಸಿದ ಮೇಲೂ ಒಳಗೆ ಉಳಿದ ವಿದ್ಯುತ್ಕಣಗಳು ಹೊರಬೀಳುವವರೆಗೆ ಕರೆಂಟಿನ ಬಾಲ ಎಳೆದಾಡುತ್ತದೆ. ಸಿಲಿಕಾನ್ ಕಾರ್ಬೈಡಿನ ಮಾಸ್‌ಫೆಟ್ಟಿಗೆ ಆ ಬಾಲವಿಲ್ಲ. ಸಿಲಿಕಾನಿಗಿಂತ ಸುಮಾರು ಹತ್ತರಷ್ಟು ವಿದ್ಯುತ್ ಕ್ಷೇತ್ರವನ್ನು ತಡೆಯುವುದರಿಂದ ಪದರ ತೆಳುವಾದರೂ ಸಾಕು, ತಡೆಯೂ ಕಡಿಮೆ. ಇಂಥ ವಸ್ತುಗಳು ಪವರ್ ಸ್ವಿಚ್ಚಿಗೆ ಎಷ್ಟು ಒಳ್ಳೆಯವು ಎಂದು ಅಳೆಯುವ ಸೂತ್ರವನ್ನು 1980ರ ದಶಕದಲ್ಲೇ ಕೊಟ್ಟವರೂ ಬಾಳಿಗಾ ಅವರೇ. 2017ರಲ್ಲಿ ಬಂದ ಟೆಸ್ಲಾ ಮಾಡೆಲ್ 3 ಕಾರಿನ ಇನ್ವರ್ಟರಿನಲ್ಲಿ ಸಿಲಿಕಾನ್ ಕಾರ್ಬೈಡಿನ 24 ಮಾಡ್ಯೂಲುಗಳಿದ್ದವು. ಆರು ಸ್ವಿಚ್ಚಿನ ಜಾಗ, ಒಂದೊಂದು ಜಾಗಕ್ಕೂ ನಾಲ್ಕು ಹೆಗಲು.

ಚಿಪ್ಪು ಬಿಸಿಯಾಗಿ ತಣಿದು, ಮತ್ತೆ ಬಿಸಿಯಾಗುವುದು ಇನ್ವರ್ಟರಿನ ಆಯುಸ್ಸನ್ನು ತಿನ್ನುವ ಮುಖ್ಯ ಕಾರಣ. ಚಿಪ್ಪು, ಬೆಸುಗೆ, ತಾಮ್ರ ಇವು ಒಂದೊಂದೂ ಒಂದೊಂದು ಅಳತೆಗೆ ಹಿಗ್ಗುತ್ತವೆ. ವರ್ಷಗಟ್ಟಲೆ ಎಳೆದಾಡಿ ಬೆಸುಗೆ ಬಿರುಕು ಬಿಡುತ್ತದೆ. 2014ರ ಫೆಬ್ರವರಿಯಲ್ಲಿ ಟೊಯೊಟಾ ಸುಮಾರು 19 ಲಕ್ಷ ಪ್ರಿಯಸ್ ಹೈಬ್ರಿಡ್ ಕಾರುಗಳನ್ನು ವಾಪಸ್ ಕರೆಸಿದ್ದು ಇಂಥ ಪೆಟ್ಟಿಗೆಯೊಳಗಿನ ಕೆಲವು ಟ್ರಾನ್ಸಿಸ್ಟರುಗಳು ಮಿತಿಮೀರಿ ಬಿಸಿಯಾಗಿ ಹಾಳಾಗಬಹುದು ಎಂಬ ಕಾರಣಕ್ಕೆ. ಪರಿಹಾರವಾಗಿ ಮಾಡಿದ್ದು ತಂತ್ರಾಂಶದ ಬದಲಾವಣೆ. ಘಾಟಿ ಹತ್ತುವಾಗ ಕಾರು ತಾನಾಗಿಯೇ ಶಕ್ತಿ ತಗ್ಗಿಸಿ ಡ್ಯಾಶ್‌ಬೋರ್ಡಿನಲ್ಲಿ ಸೂಚನೆ ತೋರಿಸಿದರೆ, ಎಷ್ಟೋ ಸಲ ಅದು ಕೆಟ್ಟಿರುವುದಿಲ್ಲ, ಬಿಸಿಯಾಗಿರುತ್ತದೆ. ತಣಿದ ಮೇಲೆ ಸರಿಹೋಗಿ, ಮತ್ತೆ ಸಣ್ಣ ಏರಿಗೂ ಅದೇ ಮರುಕಳಿಸಿದರೆ ಮೊದಲು ನೋಡಿಸಬೇಕಾದ್ದು ಕೂಲಂಟ್ ಮಟ್ಟ ಮತ್ತು ಅದರ ಪಂಪು.

ಇನ್ನೊಂದು ಭಾಗದ ಬಗ್ಗೆ ಹೇಳದೆ ಈ ಪೆಟ್ಟಿಗೆಯ ಮುಚ್ಚಳ ಹಾಕುವಂತಿಲ್ಲ. ಪ್ಲಸ್ ಮತ್ತು ಮೈನಸ್ ಪಟ್ಟಿಗಳ ನಡುವೆ, ಸ್ವಿಚ್ಚುಗಳಿಗೆ ಆದಷ್ಟು ಹತ್ತಿರ, ಇಟ್ಟಿಗೆಯಂಥ ಒಂದು ಕೆಪಾಸಿಟರ್ ಇರುತ್ತದೆ. ಸ್ವಿಚ್ಚುಗಳು ಕರೆಂಟನ್ನು ಗಕ್ಕನೆ ಕೇಳುತ್ತವೆ, ಗಕ್ಕನೆ ಬಿಡುತ್ತವೆ. ದೂರದ ಬ್ಯಾಟರಿ ಆ ವೇಗಕ್ಕೆ ಒದಗುವುದಿಲ್ಲ. ಬಾಗಿಲ ಬಳಿಯ ನೀರಿನ ತೊಟ್ಟಿಯಂತೆ ಈ ಕೆಪಾಸಿಟರ್ ನಿಂತ ನಿಲುವಿನಲ್ಲಿ ಕೊಡುತ್ತದೆ, ಬಿಡುವಿನಲ್ಲಿ ತುಂಬಿಕೊಳ್ಳುತ್ತದೆ. ಕಾರು ಸ್ಟಾರ್ಟ್ ಮಾಡಿದಾಗ ಕೇಳುವ ಟಕ್, ಟಕ್ ಸದ್ದು ಈ ತೊಟ್ಟಿಗೆ ಸಂಬಂಧಿಸಿದ್ದು. ಖಾಲಿ ಕೆಪಾಸಿಟರಿಗೆ 320 ವೋಲ್ಟನ್ನು ನೇರ ಜೋಡಿಸಿದರೆ ನುಗ್ಗುವ ಕರೆಂಟಿಗೆ ಕಾಂಟ್ಯಾಕ್ಟರಿನ ತುದಿಗಳು ಬೆಸೆದುಕೊಂಡು ಬಿಡುತ್ತವೆ. ಹಾಗಾಗಿ ಮೊದಲು ಒಂದು ರೆಸಿಸ್ಟರಿನ ಮೂಲಕ ಮೆಲ್ಲಗೆ ತುಂಬಿಸಿ, ಆಮೇಲೆ ಮುಖ್ಯ ಕಾಂಟ್ಯಾಕ್ಟರನ್ನು ಹಾಕುತ್ತಾರೆ. ಎಲ್ಲ ಸೇರಿ ಒಂದು ಸೆಕೆಂಡಿನೊಳಗೆ ಮುಗಿಯುವಂಥ ಕೆಲಸ.

ತುಂಬಿದ ತೊಟ್ಟಿ ಕಾರು ಆರಿಸಿದೊಡನೆ ಖಾಲಿಯಾಗುವುದಿಲ್ಲ. ಅದನ್ನು ಬರಿದು ಮಾಡಲು ಬೇರೆ ದಾರಿ ಇಟ್ಟಿರುತ್ತಾರೆ. ಆ ದಾರಿಯೇ ಕೆಟ್ಟಿದ್ದರೆ ವಿದ್ಯುತ್ತು ಒಳಗೇ ಕಾದಿರುತ್ತದೆ. ಈಗ ನಮ್ಮ ಊರೂರಿನ ಗ್ಯಾರೇಜುಗಳಿಗೂ ಎಲೆಕ್ಟ್ರಿಕ್ ಕಾರುಗಳು ಬರತೊಡಗಿವೆ. ಪೆಟ್ರೋಲ್ ಗಾಡಿಯಲ್ಲಿ ಪಳಗಿದ ಕೈಗಳು ಈ ಪೆಟ್ಟಿಗೆಯ ಬೋಲ್ಟುಗಳ ಮೇಲೂ ಹೋಗುತ್ತವೆ. ಆ ಮೆಕ್ಯಾನಿಕ್ ಅಣ್ಣಂದಿರಲ್ಲಿ ನನ್ನದೊಂದು ಕೋರಿಕೆ. ಕಿತ್ತಳೆ ಬಣ್ಣದ ಕೇಬಲ್ ಕಂಡಲ್ಲಿ ಕೈ ಹಿಂದಿಡಿ. ಅದರ ತರಬೇತಿ ಪಡೆಯದೆ, ಸರಿಯಾದ ಕೈಗವಸು ಇಲ್ಲದೆ ಮುಟ್ಟಬೇಡಿ. ಸರ್ವಿಸ್ ಪ್ಲಗ್ ಕಿತ್ತ ಮೇಲೂ ಕಂಪನಿ ಹೇಳಿದಷ್ಟು ನಿಮಿಷ ಕಾಯಿರಿ. ಆಮೇಲೂ ಆ ಎರಡು ಪಟ್ಟಿಗಳಿಗೆ ಮೀಟರ್ ಹಿಡಿದು, ಓದು ಸೊನ್ನೆಯ ಹತ್ತಿರ ಬಂದದ್ದನ್ನು ನಿಮ್ಮ ಕಣ್ಣಿಂದಲೇ ನೋಡಿ. ಅದಕ್ಕೆ ಮೊದಲು ಒಳಗೆ ಸ್ಪ್ಯಾನರ್ ಇಳಿಸಬೇಡಿ.